ಮೂವತ್ತು ಚೀಲ

ಭತ್ತದ ಹೊಟ್ಟು ಎರಡು ಲೋಡು, ಹನ್ನೊಂದು ಸಾವಿರ. ಮರಿಗಳಿಗೆ ಕಾವು ಕೊಡಲು ಇದ್ದಿಲು, ಆರೂವರೆ ಸಾವಿರ. ಕರೆಂಟು ಏಳು ಸಾವಿರದ ಇನ್ನೂರು. ಆಳಿನ ಕೂಲಿ ಹದಿನಾಲ್ಕು ಸಾವಿರ. ಸುಣ್ಣ, ಫಿನಾಯಿಲು, ಪರದೆಗೆ ಹಗ್ಗ, ಸಾವಿರದ ಮುನ್ನೂರು. ಒಟ್ಟು ನಲವತ್ತು ಸಾವಿರ. ಇದು ಒಂದು ಬ್ಯಾಚಿಗೆ ನನ್ನ ಕೈಯಿಂದ ಹೋದ ದುಡ್ಡು. ನಾನೂ ಸೊಸೆ ಉಷಾರಾಣಿಯೂ ಮೈಮುರಿದು ದುಡಿದದ್ದನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಅವತ್ತೇ ಶೆಡ್ಡಿಗೆ ಬೀಗ ಹಾಕಬೇಕಾಗುತ್ತದೆ.

ತ್ಯಾವಣಿಗೆಯಿಂದ ಒಂದು ಕಿಲೋಮೀಟರು ಆಚೆ, ಗದ್ದೆ ಬದಿಯ ದಿಬ್ಬದ ಮೇಲೆ ನಮ್ಮ ಶೆಡ್ಡು. ಐದು ಸಾವಿರ ಕೋಳಿ ಹಿಡಿಯುತ್ತದೆ. ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ನಮ್ಮದು. ಮೂವತ್ತೆಂಟನೇ ದಿನ ಕಂಪನಿಯ ಲಾರಿ ಬಂದು ಕೋಳಿ ತುಂಬಿಕೊಂಡು ಹೋಗುತ್ತದೆ. ಆಮೇಲೆ ಒಂದು ವಾರಕ್ಕೆ ಲೆಕ್ಕದ ಹಾಳೆ ಬರುತ್ತದೆ. ಅದರಲ್ಲಿ ಕಿಲೋಗೆ ಇಷ್ಟು ಅಂತ ಸಾಕಣೆ ಕೂಲಿ ಬರೆದಿರುತ್ತದೆ.

ಏಪ್ರಿಲ್ ಬ್ಯಾಚಿನ ಹಾಳೆಯನ್ನು ಉಷಾರಾಣಿ ಎರಡು ಸಲ ಓದಿ, ಮೂರನೇ ಸಲಕ್ಕೆ ನನ್ನ ಮುಂದೆ ಇಟ್ಟಳು.

"ಅತ್ತೆ, ಇದರಾಗೆ ಏನೋ ತಪ್ಪೈತೆ. ಎಫ್‌ಸಿಆರ್ ಒಂದು ಎಂಬತ್ತೈದು ಅಂತಾರೆ."

ಎಫ್‌ಸಿಆರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಕೋಳಿ ಒಂದು ಕಿಲೋ ಮೈ ಕೂಡಿಸಿಕೊಳ್ಳಲು ಎಷ್ಟು ಕಿಲೋ ಫೀಡು ತಿಂದಿತು ಎನ್ನುವುದು. ಕಡಿಮೆ ಬಂದಷ್ಟೂ ಸಾಕಿದವರು ಜಾಣರು. ನನ್ನ ಹಿಂದಿನ ಬ್ಯಾಚುಗಳು ಒಂದು ಅರವತ್ತು, ಒಂದು ಅರವತ್ತೆರಡು ಹೀಗೆ ಬಂದಿದ್ದವು. ಈ ಸಲ ಬಿಸಿಲಿಗೆ ಕೋಳಿ ಬಾಯಿ ಬಿಟ್ಟುಕೊಂಡು ಕೂತಿದ್ದವು, ತೂಕ ಸ್ವಲ್ಪ ಕಮ್ಮಿ ಬಂತು. ಒಂದು ಎಪ್ಪತ್ತು ಬರಬಹುದು ಅಂದುಕೊಂಡಿದ್ದೆ. ಒಂದು ಎಂಬತ್ತೈದು ಬರಬೇಕಾದರೆ ನಾನೂ ಕೋಳಿಗಳ ಜೊತೆ ಕೂತು ತಿಂದಿರಬೇಕು.

ಹಾಳೆಯನ್ನು ಮತ್ತೆ ಮೊದಲಿಂದ ನೋಡಿದೆ. ಬಂದ ಮರಿ ಐದು ಸಾವಿರ, ಸತ್ತದ್ದು ಇನ್ನೂರು, ಹೋದದ್ದು ನಾಲ್ಕು ಸಾವಿರದ ಎಂಟುನೂರು. ಲಾರಿಗೆ ತೂಗಿದ ತೂಕ ಹತ್ತು ಸಾವಿರದ ಇನ್ನೂರು ಕಿಲೋ. ಇದೆಲ್ಲ ಸರಿ, ತೂಗುವಾಗ ನಾನೇ ತಕ್ಕಡಿ ಪಕ್ಕ ನಿಂತಿದ್ದೆ. ಮರಿ ಬಂದಾಗಲೇ ಒಂದೊಂದೂ ನಲವತ್ತು ಗ್ರಾಂ ಇತ್ತು, ಐದು ಸಾವಿರಕ್ಕೆ ಇನ್ನೂರು ಕಿಲೋ. ಅದು ನಾವು ಬೆಳೆಸಿದ್ದಲ್ಲ, ಕಳೆಯಬೇಕು. ಉಳಿದದ್ದು ಹತ್ತು ಸಾವಿರ ಕಿಲೋ. ಅದೂ ಸರಿ.

ಫೀಡು: ಮುನ್ನೂರ ಎಪ್ಪತ್ತು ಚೀಲ. ಚೀಲಕ್ಕೆ ಐವತ್ತು ಕಿಲೋ, ಹದಿನೆಂಟು ಸಾವಿರದ ಐನೂರು.

"ನಾವು ಎಷ್ಟು ಚೀಲ ಬಿಚ್ಚಿದ್ವಿ?" ಅಂದೆ.

"ಮುನ್ನೂರ ನಲವತ್ತು. ಖಾಲಿ ಚೀಲ ಹತ್ತತ್ತರ ಕಟ್ಟು ಮಾಡಿ ಅಟ್ಟದ ಮ್ಯಾಗೆ ಇಟ್ಟೀನಿ. ಮೂವತ್ನಾಲ್ಕು ಕಟ್ಟು."

"ಹಂಗಾದ್ರೆ ಮೂವತ್ತು ಚೀಲ ಎಲ್ಲಿ ಹೋದ್ವು?"

ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತೈದನೇ ದಿನ ಮಧ್ಯಾಹ್ನ ನಮ್ಮ ಸೂಪರ್‌ವೈಸರ್ ಪ್ರವೀಣ್ ಕುಮಾರ್ ಟೆಂಪೋ ತಂದಿದ್ದ. ನ್ಯಾಮತಿ ಕಡೆ ಜುಂಜಪ್ಪನ ಶೆಡ್ಡಿಗೆ ಫೀಡಿನ ಲಾರಿ ಬಂದಿಲ್ಲ, ಕೋಳಿ ಹಸಿದಿವೆ, ಮೂವತ್ತು ಚೀಲ ಕೊಡಿ ಅಂದ. ಹಸಿದ ಕೋಳಿ ಅಂದರೆ ನಾನು ತಡೆಯುವವಳಲ್ಲ. "ಸ್ಲಿಪ್ಪು ನಾಳೆ ತರ್ತೀನಮ್ಮ," ಅಂದು ಹೋಗಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ.

ಹಾಳೆಯ ಕೆಳಗಡೆ ವೆಚ್ಚದ ಲೆಕ್ಕವಿತ್ತು. ಮರಿಗೆ ಮೂವತ್ತಾರರಂತೆ ಒಂದು ಲಕ್ಷ ಎಂಬತ್ತು ಸಾವಿರ. ಫೀಡು ಕಿಲೋಗೆ ನಲವತ್ತರಂತೆ ಏಳು ಲಕ್ಷ ನಲವತ್ತು ಸಾವಿರ. ಔಷಧಿ ಇಪ್ಪತ್ತು ಸಾವಿರ, ಕಂಪನಿಯ ಮೇಲ್ಖರ್ಚು ಮೂವತ್ತು ಸಾವಿರ. ಒಟ್ಟು ಒಂಬತ್ತು ಲಕ್ಷ ಎಪ್ಪತ್ತು ಸಾವಿರ. ಬೆಳೆದ ಹತ್ತು ಸಾವಿರ ಕಿಲೋಗೆ ಭಾಗಿಸಿದರೆ ಕಿಲೋಗೆ ತೊಂಬತ್ತೇಳು ರೂಪಾಯಿ. ಕಂಪನಿಯ ಗುರಿ ತೊಂಬತ್ತೆರಡು. ಗುರಿ ಮುಟ್ಟಿದರೆ ಕಿಲೋಗೆ ಎಂಟು ರೂಪಾಯಿ ಕೂಲಿ. ಒಂದು ರೂಪಾಯಿ ಮೇಲೆ ಹೋದರೆ ಐವತ್ತು ಪೈಸೆ ಕಡಿತ, ಒಂದು ರೂಪಾಯಿ ಉಳಿಸಿದರೆ ಐವತ್ತು ಪೈಸೆ ಹೆಚ್ಚು. ಹಾಗಾಗಿ ನನಗೆ ಐದೂವರೆ ರೂಪಾಯಿ. ಮಾರಿದ ತೂಕಕ್ಕೆ ಐವತ್ತಾರು ಸಾವಿರದ ನೂರು. ನನ್ನ ನಲವತ್ತು ಸಾವಿರ ಕಳೆದರೆ ಉಳಿಯುವುದು ಹದಿನಾರು ಸಾವಿರದ ನೂರು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಹಾಳೆಯ ಕೊನೆಯಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದರು: "ಫೀಡ್ ಮಾರಾಟದ ಅನುಮಾನ. ಮುಂದಿನ ಮರಿ ತಡೆಹಿಡಿಯಲಾಗಿದೆ."

ಮಾರಾಟ ಅಂದರೆ ಕಳ್ಳತನ. ಮೈ ಉರಿದುಹೋಯಿತು. ಮೂರು ವರ್ಷದಿಂದ ಒಂದು ಹಿಡಿ ಫೀಡನ್ನು ನಮ್ಮ ಮನೆಯ ನಾಟಿ ಕೋಳಿಗೂ ಹಾಕಿದವಳಲ್ಲ ನಾನು.

ಮಾರನೇ ದಿನ ಬೆಳಿಗ್ಗೆ ಚನ್ನಗಿರಿಯ ಬಸ್ಸು ಹತ್ತಿದೆವು. ಕಂಪನಿಯ ಶಾಖೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಹಡಿ ಮೇಲಿದೆ. ಮ್ಯಾನೇಜರ್ ಕೊಟ್ರೇಶ್ ಟೀ ಕುಡಿಯುತ್ತಿದ್ದರು. ಮನುಷ್ಯ ಕೆಟ್ಟವನಲ್ಲ, ಆದರೆ ಕಂಪ್ಯೂಟರು ಹೇಳಿದ್ದನ್ನು ಹೆತ್ತ ತಾಯಿ ಹೇಳಿದಂತೆ ನಂಬುತ್ತಾನೆ.

"ಏನ್ ನಿರ್ಮಲಮ್ಮನವರೇ, ಇಷ್ಟ್ ಬೇಗ?"

"ಕಳ್ಳರಿಗೆ ನಿದ್ದೆ ಬರಲ್ಲಲ್ಲ ಸಾರ್, ಬೇಗ ಎದ್ವಿ."

ಅವರು ಟೀ ಲೋಟ ಕೆಳಗಿಟ್ಟರು. "ಅದು ನಾನ್ ಹೇಳಿದ್ದಲ್ಲಮ್ಮ, ಲೆಕ್ಕ ಹೇಳಿದ್ದು. ಇಪ್ಪತ್ತು-ಮೂವತ್ತು ಚೀಲ ಹೆಚ್ಚು ಐತೆ. ಕೋಳಿ ತಿಂದಿದ್ರೆ ಮೈಮ್ಯಾಗೆ ಬರಬೇಕಿತ್ತು. ಮೈಮ್ಯಾಗೆ ಇಲ್ಲ. ಎಲ್ಲಿಗೋ ಹೋಗೈತೆ."

"ನನ್ನ ಹತ್ರ ಮುನ್ನೂರ ನಲವತ್ತು ಖಾಲಿ ಚೀಲ ಅದಾವೆ. ಬಂದು ಎಣಿಸ್ರಿ."

"ಕದ್ದ ಫೀಡು ಚೀಲದ ಸಮೇತ ಹೋಗುತ್ತಮ್ಮ," ಅಂದರು ಕೊಟ್ರೇಶ್. "ಯಾರೂ ಸೆರಗಿನಾಗೆ ಕಟ್ಕೊಂಡು ಹೋಗಿ ಮಾರಲ್ಲ."

ಮಾತು ಸರಿಯೇ. ನನಗೆ ಇನ್ನೂ ಸಿಟ್ಟು ಬಂತು. ಸರಿಯಾದ ಮಾತು ತಪ್ಪಾದ ಕಡೆ ಬಂದರೆ ಬರುವ ಸಿಟ್ಟು ಬೇರೆ ಥರದ್ದು.

"ನಾನು ಕೊಟ್ಟದ್ದು ನ್ಯಾಮತಿಗೆ. ಪ್ರವೀಣ ಟೆಂಪೋದಾಗೆ ಒಯ್ದ."

"ಸ್ಲಿಪ್ ಇಲ್ಲ. ನಿಮ್ಮ ಕಾರ್ಡಿನಾಗೂ ಇಲ್ಲ."

ಕಾರ್ಡು ಅಂದರೆ ಶೆಡ್ಡಿನ ಬಾಗಿಲಲ್ಲಿ ನೇತು ಹಾಕಿರುವ ದಪ್ಪ ಹಾಳೆ. ದಿನಾ ಸತ್ತದ್ದೆಷ್ಟು, ಫೀಡು ಎಷ್ಟು ಚೀಲ, ಉಳಿದದ್ದೆಷ್ಟು ಅಂತ ಉಷಾರಾಣಿ ಅದರಲ್ಲಿ ಬರೆಯುತ್ತಾಳೆ. ಬ್ಯಾಚು ಮುಗಿದ ಮೇಲೆ ಸೂಪರ್‌ವೈಸರ್ ಅದನ್ನು ಆಫೀಸಿಗೆ ಒಯ್ಯುತ್ತಾನೆ.

"ಕಾರ್ಡು ತೋರಿಸ್ರಿ," ಅಂದೆ.

ಫೈಲಿನಿಂದ ತೆಗೆದುಕೊಟ್ಟರು. ಉಷಾರಾಣಿ ನೋಡಿದ ಕೂಡಲೇ ಅಂದಳು: "ಇದು ನನ್ನ ಅಕ್ಷರ ಅಲ್ಲ."

ಕಾರ್ಡು ಬಿಳಿಯಾಗಿತ್ತು. ನಮ್ಮ ಕಾರ್ಡಿನ ಮೇಲೆ ಧೂಳು, ನೀರಿನ ಕಲೆ, ಒಂದು ಮೂಲೆಯಲ್ಲಿ ಕೋಳಿಯ ಹಿಕ್ಕೆ ಎಲ್ಲ ಇದ್ದವು. ಇದರ ಮೇಲೆ ಏನೂ ಇಲ್ಲ.

"ಹಳೇದು ಕೊಳೆ ಆಗಿತ್ತಂತೆ," ಅಂದರು ಕೊಟ್ರೇಶ್. "ಪ್ರವೀಣ್ ಫೇರ್ ಕಾಪಿ ಮಾಡ್ಯಾನೆ. ಎಲ್ಲಾರೂ ಮಾಡ್ತಾರೆ."

ನಾನು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ದಿನ ನೋಡುತ್ತಾ ಹೋದೆ. ಜಾಣ ಹುಡುಗ. ಮೂವತ್ತು ಚೀಲವನ್ನು ಒಂದೇ ಕಡೆ ಸುರಿದಿರಲಿಲ್ಲ. ಇಪ್ಪತ್ತೈದನೇ ದಿನದಿಂದ ದಿನಕ್ಕೊಂದು, ಎರಡು ಅಂತ ಉಪ್ಪು ಉದುರಿಸಿದ ಹಾಗೆ ಹಂಚಿದ್ದ. ಕೊನೆಯ ಸಾಲಿಗೆ ಬಂದೆ. ಮೂವತ್ತೆಂಟನೇ ದಿನ, ಹದಿನಾರು ಚೀಲ.

ನಕ್ಕುಬಿಟ್ಟೆ. ಸಿಟ್ಟಿನ ನಗು.

"ಸಾರ್, ಲಾರಿ ಎಷ್ಟೊತ್ತಿಗೆ ಬಂದಿತ್ತು?"

"ಸಂಜೆ ಆರಕ್ಕೆ ಅಂತ ಐತೆ."

"ಲಾರಿ ಬರೋ ದಿನ ಫೀಡರ್ ಎಷ್ಟೊತ್ತಿಗೆ ಎತ್ತಿ ಕಟ್ಟಬೇಕು ಅಂತ ನಿಮ್ಮ ಕಂಪನೀನೇ ಹೇಳಿಕೊಟ್ಟೈತಲ್ಲ?"

ಫೀಡರ್ ಅಂದರೆ ಹಗ್ಗದಲ್ಲಿ ನೇತು ಹಾಕಿರುವ ಫೀಡಿನ ತಟ್ಟೆ. ಕೋಳಿ ತುಂಬುವ ಮೊದಲು ಏಳೆಂಟು ಗಂಟೆ ಫೀಡು ನಿಲ್ಲಿಸಬೇಕು, ನೀರು ಮಾತ್ರ ಕೊಡಬೇಕು. ಹೊಟ್ಟೆ ತುಂಬಿದ ಕೋಳಿ ಲಾರಿಯಲ್ಲಿ ಸಾಯುತ್ತದೆ, ಕೊಯ್ದರೆ ಮಾಂಸ ಕೊಳೆಯಾಗುತ್ತದೆ. ಇದನ್ನು ಕೋಳಿ ಸಾಕುವ ಯಾರೂ ಮರೆಯುವುದಿಲ್ಲ.

"ಹತ್ತು ಗಂಟೆಗೆ ಫೀಡರ್ ಎತ್ತಿ ಕಟ್ಟಿದ್ದು ನಾನು. ಪಕ್ಕದಾಗೆ ಪ್ರವೀಣ ನಿಂತಿದ್ದ. ಬೆಳಿಗ್ಗೆ ಐದು ಚೀಲ ಹಾಕಿದ್ವಿ, ಅಷ್ಟೇ. ಗಾಳೀಲಿ ತೂಗಾಡೋ ಫೀಡರ್‌ನಿಂದ ಹದಿನಾರು ಚೀಲ ಹೆಂಗೆ ತಿಂದ್ವು ಸಾರ್? ಹಾರಿ ತಿಂದ್ವಾ?"

ಕೊಟ್ರೇಶ್ ಕಾರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಈಗ ಅವರ ಬೆರಳು ಸಾಲಿನ ಮೇಲೆ ಓಡಾಡತೊಡಗಿತು.

ಉಷಾರಾಣಿ ಮೊಬೈಲ್ ಮುಂದಿಟ್ಟಳು. ದಿನಾ ಸಂಜೆ ಅವಳು ಕಾರ್ಡಿನ ಫೋಟೋ ತೆಗೆದು ಪ್ರವೀಣನಿಗೆ ಕಳಿಸಬೇಕಿತ್ತು, ಅದು ಅವನೇ ಮಾಡಿದ್ದ ನಿಯಮ. ಇಪ್ಪತ್ತೇಳನೇ ದಿನದ ಫೋಟೋ ತೆಗೆದಳು. ಅಲ್ಲಿಯವರೆಗೆ ಬಂದದ್ದು ಇನ್ನೂರ ತೊಂಬತ್ತು ಚೀಲ, ತಿಂದದ್ದು ನೂರ ತೊಂಬತ್ತು, ನ್ಯಾಮತಿಗೆ ಮೂವತ್ತು, ಉಳಿದದ್ದು ಎಪ್ಪತ್ತು. ಪಕ್ಕದಲ್ಲಿ ಪ್ರವೀಣನ ರುಜು. ಅವತ್ತು ಭೇಟಿಗೆ ಬಂದವನು ಚೀಲ ಎಣಿಸಿ ಹಾಕಿದ್ದು.

"ಫೇರ್ ಕಾಪಿಯಾಗೆ ಅದೇ ದಿನ ಎಷ್ಟು ಉಳಿಕೆ ತೋರಿಸ್ಯಾನೆ ನೋಡ್ರಿ ಸಾರ್," ಅಂದಳು.

ಅಲ್ಲಿ ತೊಂಬತ್ತಾರು ಇತ್ತು. ಮೂವತ್ತರಲ್ಲಿ ಆ ಹೊತ್ತಿಗೆ ನಾಲ್ಕನ್ನು ಕಾಗದದ ಮೇಲೆ ಕೋಳಿಗೆ ತಿನ್ನಿಸಿದ್ದ, ಇಪ್ಪತ್ತಾರನ್ನು ಮುಂದಕ್ಕೆ ಇಟ್ಟುಕೊಂಡಿದ್ದ.

"ಜುಂಜಪ್ಪನ ಹಾಳೇನೂ ತೆಗೀರಿ," ಅಂದೆ.

ಅದನ್ನು ನಮಗೆ ತೋರಿಸಬಾರದು. ಆದರೆ ಕೊಟ್ರೇಶ್ ತೆಗೆದರು. ನಾಲ್ಕು ಸಾವಿರ ಮರಿ. ಸತ್ತದ್ದು ಆರು ನೂರು, ಅದರಲ್ಲೂ ಹೆಚ್ಚಿನವು ನಾಲ್ಕು ವಾರ ಆದಮೇಲೆ. ಉಳಿದವು ಸರಾಸರಿ ಒಂದೂ ಮುಕ್ಕಾಲು ಕಿಲೋ ಆಸುಪಾಸು. ಎಫ್‌ಸಿಆರ್ ಮಾತ್ರ ಒಂದು ಎಪ್ಪತ್ತೆರಡು.

"ಸತ್ತ ಆರು ನೂರು ಕೋಳಿ ನಾಲ್ಕು ವಾರ ಉಪವಾಸ ಇದ್ವಾ ಸಾರ್?" ಅಂದೆ. "ಸತ್ತ ಕೋಳೀನೂ ಸಾಯೋವರೆಗೆ ತಿಂದಿರುತ್ತೆ. ಅದು ತಿಂದಿದ್ದು ಲೆಕ್ಕದಾಗೆ ಇರುತ್ತೆ, ಅದರ ತೂಕ ಲಾರಿಗೆ ಹೋಗಲ್ಲ. ಹಂಗಿದ್ದಾಗ ನನಗಿಂತ ಒಳ್ಳೆ ಲೆಕ್ಕ ಹೆಂಗೆ ಬರುತ್ತೆ?"

ಕೊಟ್ರೇಶ್ ಕ್ಯಾಲ್ಕುಲೇಟರ್ ಒತ್ತಿದರು. ಮೂವತ್ತು ಚೀಲ ಅತ್ತ ಸೇರಿಸಿದರೆ ಜುಂಜಪ್ಪನದು ಒಂದು ತೊಂಬತ್ತೇಳಕ್ಕೆ ಹೋಯಿತು. ಇತ್ತ ಕಳೆದರೆ ನನ್ನದು ಹದಿನೇಳು ಸಾವಿರ ಕಿಲೋ ಫೀಡು, ಹತ್ತು ಸಾವಿರ ಕಿಲೋ ಮೈ, ಒಂದು ಎಪ್ಪತ್ತು. ವೆಚ್ಚ ಕಿಲೋಗೆ ತೊಂಬತ್ತೇಳರಿಂದ ತೊಂಬತ್ತೊಂದಕ್ಕೆ ಇಳಿಯಿತು.

ಅವರು ಫೋನು ಮಾಡಿ ಪ್ರವೀಣನನ್ನು ಕರೆಸಿದರು. ಅರ್ಧ ಗಂಟೆಗೆ ಬಂದ. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಮೇಜಿನ ಮೇಲೆ ಬಿಳಿ ಕಾರ್ಡು, ಉಷಾರಾಣಿಯ ಮೊಬೈಲು ಎರಡನ್ನೂ ನೋಡಿ ಅವನ ಮುಖ ಇಳಿಯಿತು.

"ಎಲ್ಲೋ ನಾಳೆ ತರ್ತೀನಿ ಅಂದ ಸ್ಲಿಪ್ಪು?" ಅಂದೆ.

"ಅಮ್ಮಾ, ಕೇಳಿಲ್ಲಿ..."

"ಅಮ್ಮ ಅನ್ನಬೇಡ. ಮೂರು ವರ್ಷ ನನ್ನ ಮನೇಲಿ ರೊಟ್ಟಿ ತಿಂದು ನನ್ನ ಮ್ಯಾಗೆ ಕಳ್ಳಿ ಅಂತ ಬರೆಸಿದೀಯಲ್ಲ, ಕೈ ಹೆಂಗೆ ಬಂತು?"

"ಕಳ್ಳಿ ಅಂತ ನಾನ್ ಬರೆಸಿಲ್ಲ! ನಿಮ್ಮದು ಯಾವಾಗ್ಲೂ ಒಂದು ಅರವತ್ತು ಬರುತ್ತೆ. ಮೂವತ್ತು ಚೀಲ ಹಾಕಿದ್ರೂ ಒಂದು ಎಪ್ಪತ್ತೈದು ಬರುತ್ತೆ, ಯಾರೂ ಕೇಳಲ್ಲ ಅಂದ್ಕೊಂಡೆ. ಈ ಸಲಾನೇ ಬಿಸಿಲಿಗೆ ತೂಕ ಕಮ್ಮಿ ಆಗ್ಬೇಕಾ? ಜುಂಜಪ್ಪನ ಕೋಳಿಗೆ ರೋಗ ಬಂದಿತ್ತು. ಒಂದು ತೊಂಬತ್ತೇಳು ಬಂದ್ರೆ ಅವನ ಶೆಡ್ ಮುಚ್ಚಿಸ್ತಿದ್ರು. ಅಡ್ಜಸ್ಟ್ ಮಾಡಿದೆ. ತಡಕಳ್ಳೋರ ಮ್ಯಾಗೆ ಹಾಕಿದೆ."

ತಡಕಳ್ಳೋರ ಮ್ಯಾಗೆ. ಚೆನ್ನಾಗಿ ಸಾಕಿದ್ದೇ ನನ್ನ ತಪ್ಪು. ಗಟ್ಟಿ ಎತ್ತಿಗೆ ಎರಡು ಮೂಟೆ ಹೆಚ್ಚು ಹೇರುವ ಹಾಗೆ ನನ್ನ ಮೇಲೆ ಹೇರಿದ್ದ, ನನ್ನನ್ನು ಒಂದು ಮಾತು ಕೇಳದೆ.

"ನಿನ್ನ ಅಪ್ಪನ ಮನೆ ಫೀಡಾ ಅದು, ಹಂಚಾಕೆ?" ಅಂತ ಕೂಗಿದೆ. ಪಕ್ಕದ ಕೋಣೆಯ ಗುಮಾಸ್ತ ಇಣುಕಿ ನೋಡಿದ.

ಆಗ ಪ್ರವೀಣನಿಗೂ ಸಿಟ್ಟು ಬಂತು. ಹೆಲ್ಮೆಟ್ಟನ್ನು ಕುರ್ಚಿಯ ಮೇಲೆ ಕುಕ್ಕಿದ.

"ಈಗ ಕೂಗ್ತೀರಲ್ಲ, ನಿಮ್ಮ ಮೂರನೇ ಬ್ಯಾಚಿನಾಗೆ ಯಾಕೆ ಕೂಗ್ಲಿಲ್ಲ? ಅವಾಗ ನಿಮ್ಮ ಮರಿಗೆ ಕೆಮ್ಮು ಬಂದು ಲೆಕ್ಕ ಕೆಟ್ಟಿತ್ತು. ಇಪ್ಪತ್ತು ಚೀಲ ಕಮ್ಮಿ ತೋರಿಸಿ ನಿಮ್ಮನ್ನ ಉಳಿಸಿದ್ದು ನಾನೇ. ದಿನಾ ಚೀಲ ಎಣಿಸೋರು ನೀವು, ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು.

ಎರಡು ವರ್ಷದ ಹಿಂದಿನ ಮಾತು. ಹಾಳೆಯಲ್ಲಿ ನನ್ನ ಲೆಕ್ಕಕ್ಕಿಂತ ಇಪ್ಪತ್ತು ಚೀಲ ಕಮ್ಮಿ ಇತ್ತು. ಕಂಪನಿಯವರು ಎಣಿಕೆ ತಪ್ಪಿದ್ದಾರೆ, ದೊಡ್ಡವರ ದುಡ್ಡು, ನಮಗೇನು ಅಂದುಕೊಂಡು ಹಾಳೆ ಮಡಚಿ ಟ್ರಂಕಿನಲ್ಲಿಟ್ಟಿದ್ದೆ. ಉಷಾರಾಣಿಗೂ ಹೇಳಿರಲಿಲ್ಲ. ಅವಳು ಈಗ ನನ್ನನ್ನೇ ನೋಡುತ್ತಿದ್ದಳು.

"ಯಾರ ಮ್ಯಾಗೆ ಹಾಕಿದ್ದೆ ಆ ಇಪ್ಪತ್ತು?" ಅಂದೆ. ದನಿ ಮೊದಲಿನಷ್ಟು ಮೇಲೆ ಏಳಲಿಲ್ಲ.

"ಹೊನ್ನಾಳಿ ಹತ್ರ ಸಾವಂತ್ರಮ್ಮ ಅಂತ. ಅವರದ್ದೂ ಆವಾಗ ಚೆನ್ನಾಗಿ ಬರ್ತಿತ್ತು."

"ಈಗ?"

"ಬಿಟ್ಟರು. ಅದೇ ಬ್ಯಾಚಿಗೆ ಕೆಂಪು ಪೆನ್ನು ಬಿತ್ತು. ಅವರಿಗೆ ಕೂಗಾಡಾಕೆ ಬರಲ್ಲ, ಸುಮ್ನೆ ಬಿಟ್ಟರು."

ಕೊಟ್ರೇಶ್ ಅವನನ್ನು ಹೊರಗೆ ಕಳಿಸಿದರು. ನನ್ನ ಹಾಳೆಯನ್ನು ಅಲ್ಲೇ ತಿದ್ದಿದರು. ವೆಚ್ಚ ತೊಂಬತ್ತೊಂದು, ಗುರಿಗಿಂತ ಒಂದು ರೂಪಾಯಿ ಕಡಿಮೆ, ಕೂಲಿ ಎಂಟೂವರೆ. ಎಂಬತ್ತಾರು ಸಾವಿರದ ಏಳುನೂರು. ಕೆಂಪು ಸಾಲನ್ನು ಹೊಡೆದು ಹಾಕಿ ರುಜು ಮಾಡಿದರು.

"ಸಾವಂತ್ರಮ್ಮನ ಹಾಳೇನೂ ತಿದ್ರಿ ಸಾರ್," ಅಂದೆ.

"ಎರಡು ವರ್ಷದ ಬ್ಯಾಚ್ ಅಮ್ಮ. ಕಂಪ್ಯೂಟರ್‌ನಾಗೆ ಮುಚ್ಚಿಬಿಟ್ಟೈತೆ. ತೆಗೆಯಾಕೆ ಬರಲ್ಲ."

"ಕಳ್ಳಿ ಅಂತ ಬರೆಯಾಕೆ ಬರುತ್ತೆ, ಅಲ್ಲ ಅಂತ ಬರೆಯಾಕೆ ಬರಲ್ವಾ?"

ಅವರು ತಲೆ ತಗ್ಗಿಸಿ ಹಾಳೆ ಜೋಡಿಸತೊಡಗಿದರು. ನಾವು ಎದ್ದು ಬಂದೆವು. ತ್ಯಾವಣಿಗೆಯಲ್ಲಿ ಬಸ್ಸು ಇಳಿಯುವಾಗ ಉಷಾರಾಣಿ ಕೇಳಿದಳು: "ಅವಾಗ ಹೇಳಿದ್ರೆ ಏನಾಗ್ತಿತ್ತು ಅತ್ತೆ?"

"ನಮ್ಮ ಶೆಡ್ಡು ಮುಚ್ಚುತ್ತಿತ್ತು," ಅಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಮನೆಗೆ ಬಂದು ಟ್ರಂಕಿನಿಂದ ಆ ಹಳೇ ಹಾಳೆ ತೆಗೆದೆ. ಇಪ್ಪತ್ತು ಚೀಲ, ಸಾವಿರ ಕಿಲೋ, ಆಗಿನ ದರದಲ್ಲೂ ನಲವತ್ತು ಸಾವಿರದ ಹತ್ತಿರ. ಒಂದು ರೂಪಾಯಿ ವೆಚ್ಚ ಹೆಚ್ಚಿದರೆ ಐವತ್ತು ಪೈಸೆ ಕಡಿತ. ಅಂದರೆ ಕಂಪನಿಯ ನಷ್ಟದಲ್ಲಿ ಅರ್ಧ ಸಾಕಿದವರ ಕೂಲಿಯಿಂದ ಹೋಗುತ್ತದೆ. ಸಾವಂತ್ರಮ್ಮನ ಕೈಯಿಂದ ಹೋದದ್ದು ಇಪ್ಪತ್ತು ಸಾವಿರ.

ದುಡ್ಡು ಬ್ಯಾಂಕಿಗೆ ಬಂದ ದಿನವೇ ಇಪ್ಪತ್ತು ಸಾವಿರ ತೆಗೆದುಕೊಂಡು ಹೊನ್ನಾಳಿಗೆ ಹೋದೆ. ಊರು ವಿಚಾರಿಸಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸಾವಂತ್ರಮ್ಮ ನನ್ನ ವಯಸ್ಸಿನವಳೇ. ಶೆಡ್ಡಿನಲ್ಲಿ ಮೆಕ್ಕೆಜೋಳದ ತೆನೆ ರಾಶಿ ಹಾಕಿದ್ದರು, ಬೇರೆ ಯಾರೋ ಬಾಡಿಗೆಗೆ ಹಿಡಿದಿದ್ದರಂತೆ. ಕೋಳಿಗೆ ಕಟ್ಟಿದ ನೀರಿನ ಪೈಪು ಇನ್ನೂ ಮೇಲೆ ನೇತಾಡುತ್ತಿತ್ತು. ಕುಡಿಯಲು ನೀರು ಕೊಟ್ಟು, "ಯಾರಮ್ಮ ನೀನು?" ಅಂದಳು.

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ನನ್ನ ಇಪ್ಪತ್ತು ಚೀಲ ಅವಳ ಲೆಕ್ಕಕ್ಕೆ ಹೇಗೆ ಹೋಯಿತು, ನನಗೆ ಹೇಗೆ ಗೊತ್ತಿತ್ತು, ನಾನು ಹೇಗೆ ಬಾಯಿ ಮುಚ್ಚಿಕೊಂಡಿದ್ದೆ ಎಲ್ಲವನ್ನೂ. ದುಡ್ಡನ್ನು ಕಟ್ಟೆಯ ಮೇಲಿಟ್ಟೆ.

ಅವಳು ಅದನ್ನು ಬೇಡ ಅನ್ನಲಿಲ್ಲ. ಬೆರಳಿಗೆ ಉಗುಳು ಹಚ್ಚಿಕೊಂಡು ಒಂದೊಂದೇ ನೋಟು ಎಣಿಸಿದಳು, ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ತಲೆ ಎತ್ತಿದಳು. ಪ್ರವೀಣ ಹೇಳಿದ್ದು ತಪ್ಪು, ಅವಳಿಗೆ ಕೂಗಾಡಲು ಬರುತ್ತಿತ್ತು.

"ಇದು ನನ್ನ ದುಡ್ಡು, ತಗೊಂಡೆ. ನೀನು ಕೊಟ್ಟೆ ಅಂತ ಅಲ್ಲ. ಫೀಡು ಕದ್ದೋಳು ಅಂತ ನಮ್ಮ ಮನೆಯೋರೇ ನನ್ನ ತಿಂಗಳುಗಟ್ಟಲೆ ಮಾತಾಡಿಸ್ಲಿಲ್ಲ. ನಾನು ಅವ್ರ ಕಣ್ಣು ತಪ್ಪಿಸಿ ನಮ್ಮ ತವರಿಗೆ ಮಾರಿದೀನಿ ಅಂದ್ರು. ಅದನ್ನ ಎಷ್ಟಕ್ಕೆ ವಾಪಸ್ ಕೊಡ್ತೀಯ? ಹಾಂ? ಕಿಲೋಗೆ ಎಷ್ಟು?"

"ನಿಮ್ಮ ಮನೆಯೋರಿಗೆ ನಾನು ಹೇಳ್ತೀನಿ," ಅಂದೆ. "ಎಷ್ಟೊತ್ತಾದರೂ ಕೂತಿರ್ತೀನಿ."

"ಕೂತ್ಕೋ," ಅಂದಳು, ಒಳಗೆ ಹೋದಳು. ಊಟಕ್ಕೆ ಕರೆಯಲಿಲ್ಲ.

ನಾಲ್ಕು ಗಂಟೆಗೆ ಅವಳ ಗಂಡ ಹೊಲದಿಂದ ಬಂದ. ಅವನಿಗೂ ಮೊದಲಿಂದ ಹೇಳಿದೆ. ಅವನು ಕೇಳಿ, ಹೆಂಡತಿಯ ಕಡೆ ನೋಡದೆ, ಕೈಕಾಲು ತೊಳೆಯಲು ಹೋದ. ತೊಳೆದ ನೀರು ಹರಿದು ಅಂಗಳ ದಾಟುವವರೆಗೂ ಅಲ್ಲೇ ನಿಂತಿದ್ದ. ನಾನು ಐದರ ಬಸ್ಸಿಗೆ ಹೊರಟೆ.

ಪ್ರವೀಣನನ್ನು ಜಗಳೂರಿಗೆ ಹಾಕಿದರು. ಜುಂಜಪ್ಪನ ಶೆಡ್ಡಿಗೆ ಮರಿ ನಿಂತವು. ಜುಂಜಪ್ಪ ಫೋನು ಮಾಡಿ "ನನ್ನ ಅನ್ನಕ್ಕೆ ಕಲ್ಲು ಹಾಕಿದೆ" ಅಂತ ಬೈದ, ನಾನು ಬೈಸಿಕೊಂಡೆ. ಹೊಸ ಸೂಪರ್‌ವೈಸರ್ ಮೊನ್ನೆ ಹತ್ತು ಚೀಲ ಕೇಳಿದ. ಸ್ಲಿಪ್ಪು ಬರೆದು, ರುಜು ಹಾಕಿ, ಉಷಾರಾಣಿ ಫೋಟೋ ತೆಗೆದ ಮೇಲೆ ಕೊಟ್ಟೆ.

ತಿದ್ದಿದ್ದರಿಂದ ಹೆಚ್ಚಿಗೆ ಬಂದದ್ದು ಮೂವತ್ತು ಸಾವಿರದ ಆರುನೂರು. ಹೊನ್ನಾಳಿಗೆ ಕೊಟ್ಟದ್ದು ಇಪ್ಪತ್ತು ಸಾವಿರ. ಉಳಿದದ್ದು ಹತ್ತು ಸಾವಿರದ ಆರುನೂರು, ಜೊತೆಗೆ ಶೆಡ್ಡಿಗೆ ಹೊಸದಾಗಿ ಬಂದ ಐದು ಸಾವಿರ ಮರಿ.